ಶನಿವಾರದ ಮೇಜು ಬಿಟ್ಟ ಮೇಲೆ

ಹನ್ನೆರಡು ವರ್ಷಗಳ ಕಾಲ ಪ್ರತಿ ಶನಿವಾರ ರಾತ್ರಿ ಎಂಟಕ್ಕೆ ಮೈಸೂರಿನ ಒಂದು ಬಾರಿನ ಮೂಲೆಯ ಮೇಜಿನಲ್ಲಿ ನಾವು ನಾಲ್ವರು ಸೇರುತ್ತಿದ್ದೆವು. ಎಲ್ಲರೂ ಕಾಲೇಜಿನಿಂದ ಜೊತೆಗಿದ್ದವರು. ಒಬ್ಬ ಬ್ಯಾಂಕಿನಲ್ಲಿದ್ದಾನೆ, ಒಬ್ಬ ಔಷಧ ಕಂಪನಿಯ ಪ್ರತಿನಿಧಿ, ಇನ್ನೊಬ್ಬ ಕಟ್ಟಡದ ಗುತ್ತಿಗೆದಾರ. ಅವರಿಗೆ ವಾರಕ್ಕೊಂದು ರಾತ್ರಿ ಸಾಕಾಗುತ್ತಿತ್ತು, ನನಗೆ ಸಾಕಾಗಲಿಲ್ಲ. ಕೊನೆಯ ಮೂರು ವರ್ಷ ದಿನಕ್ಕೊಂದು ಕ್ವಾರ್ಟರ್, ಅಂದರೆ 180 ಮಿಲಿಲೀಟರ್ ವಿಸ್ಕಿ, ಮನೆಯಲ್ಲಿ ಒಬ್ಬನೇ ಕುಳಿತು ಮುಗಿಸುತ್ತಿದ್ದೆ. ಬಿಟ್ಟದ್ದು ವೈದ್ಯರ ನಿಗಾದಲ್ಲಿ. ಹಾಗೆ ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ, ಭ್ರಮೆ ಹಿಡಿಯುವ ಅಪಾಯವಿರುತ್ತದೆ. ಆದ್ದರಿಂದ ಈ ಒಂದು ಕೆಲಸವನ್ನು ಯಾರೂ ಸ್ವಂತ ಛಲದ ಮೇಲೆ ಮಾಡಬಾರದು.

ಕುಡಿತ ನಿಂತಿತು. ಶನಿವಾರ ಎಂಟು ಗಂಟೆ ಮಾತ್ರ ವಾರವಾರವೂ ಬರುತ್ತಲೇ ಇತ್ತು.

ಆರನೇ ವಾರ ನಾನು ತಪ್ಪು ಮಾಡಿದೆ. ಬರೀ ಸೋಡಾ ಕುಡಿದುಕೊಂಡು ಕುಳಿತರಾಯಿತು ಎಂದು ಅದೇ ಮೇಜಿಗೆ ಹೋದೆ. ಹೊಟ್ಟೆ ಕೆಟ್ಟಿದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದೆ. ಮೊದಲ ಒಂದು ಗಂಟೆ ಚೆನ್ನಾಗಿತ್ತು. ಒಂಬತ್ತೂವರೆಯ ಹೊತ್ತಿಗೆ ಅವರ ಮಾತಿನ ಲಯ ಬದಲಾಯಿತು, ಹೇಳಿದ್ದನ್ನೇ ಹೇಳತೊಡಗಿದರು, ನಗುವ ಜಾಗಗಳು ನನಗೆ ತಪ್ಪಿಹೋದವು. ಮನೆಗೆ ಬಂದು ರಾತ್ರಿ ಎರಡರವರೆಗೆ ನಿದ್ದೆಯಿಲ್ಲದೆ ಹೊರಳಾಡಿದೆ. ಕುಡಿಯಲಿಲ್ಲ, ಆದರೆ ಬೀದಿಯ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಅದು ಆ ಸಂಜೆಯ ನಿಜವಾದ ಬೆಲೆ.

ಮುಂದಿನ ವಾರ ಬ್ಯಾಂಕಿನ ಗೆಳೆಯ ಫೋನ್ ಮಾಡಿ, "ಮಾತ್ರೆ ಮುಗಿಯಿತೇನೋ?" ಎಂದು ಕೇಳಿದ. ಸುಳ್ಳು ನೆಪಕ್ಕೆ ಒಂದು ಅವಧಿ ಇರುತ್ತದೆ ಎಂದು ಆಗ ಅರ್ಥವಾಯಿತು. ನಾನೇ ಅವರಿಗೆ ಕಾಯುವಂತೆ ಹೇಳಿದ್ದೆ, ಅವರು ಕಾಯುತ್ತಿದ್ದರು. ಅದಲ್ಲದೆ ನಾನು ಆಗ ನಿಜವಾಗಿಯೂ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಅದನ್ನು ತೆಗೆದುಕೊಳ್ಳುವವನ ಹೊಟ್ಟೆಗೆ ಸ್ವಲ್ಪ ಮದ್ಯ ಹೋದರೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಉಳಿಯುತ್ತದೆ. ಯಾರಾದರೂ ತಮಾಷೆಗೆ ನನ್ನ ಲೋಟಕ್ಕೆ ಒಂದು ಮುಚ್ಚಳ ಬೆರೆಸಿದ್ದರೆ ಗತಿ ಏನು? ಅಂದೇ ಮೂವರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದೆ. "ಪೂರ್ತಿ ಬಿಟ್ಟಿದ್ದೇನೆ. ನನಗೆ ಅಳತೆ ತಪ್ಪಿತ್ತು. ನೀನು ಕುಡಿಯುವುದರ ಬಗ್ಗೆ ನನ್ನದೇನೂ ತಕರಾರಿಲ್ಲ, ಆದರೆ ಮೂರು ತಿಂಗಳು ಆ ಮೇಜಿಗೆ ಬರುವುದಿಲ್ಲ." ಇಷ್ಟೇ ಮಾತು. ಮೂರನೆಯ ವಾಕ್ಯ ಬಹಳ ಮುಖ್ಯ. ಒಬ್ಬ ಬಿಟ್ಟರೆ ಉಳಿದವರಿಗೆ ತಮ್ಮತ್ತ ಬೆರಳು ತೋರಿಸಿದಂತೆ ಅನ್ನಿಸುತ್ತದೆ, ಆ ಅನುಮಾನವನ್ನು ಮೊದಲೇ ತೆಗೆಯಬೇಕು.

ಆ ಮೂರು ತಿಂಗಳಲ್ಲಿ ಒಂದು ಸಂಜೆ ಮೊಬೈಲಿನ ಕರೆಗಳ ಪಟ್ಟಿಯನ್ನು ಹಿಂದಕ್ಕೆ ಸರಿಸುತ್ತ ಕುಳಿತೆ. ಯಾರು, ಯಾವ ದಿನ, ಎಷ್ಟು ಗಂಟೆಗೆ ಕರೆ ಮಾಡಿದ್ದಾರೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಂಡೆ. ಗುತ್ತಿಗೆದಾರ ಗೆಳೆಯನ ಎಲ್ಲ ಕರೆಗಳೂ ಶನಿವಾರ ಸಂಜೆ ಆರರ ಮೇಲಿನವು. ಔಷಧ ಪ್ರತಿನಿಧಿಯವು ಮಂಗಳವಾರ, ಗುರುವಾರ ಎನ್ನದೆ ಮಧ್ಯಾಹ್ನವೂ ಇದ್ದವು. ಮಗಳ ಕಾಲೇಜಿನ ಶುಲ್ಕ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಹೀಗೆ ಏನಾದರೊಂದು ವಿಷಯ. ಬ್ಯಾಂಕಿನವನದು ಎರಡರ ನಡುವೆ. ಯಾರ ಸ್ನೇಹಕ್ಕೆ ಮೇಜಿನ ಹೊರಗೂ ಬೇರಿದೆ ಎಂದು ಹಾಳೆಯೇ ಹೇಳಿತು. ಮೂವರನ್ನೂ ಒಟ್ಟಿಗೆ ಮರಳಿ ಪಡೆಯುವ ಆಸೆಯನ್ನು ಅಲ್ಲಿಗೆ ಬಿಟ್ಟು, ಒಬ್ಬೊಬ್ಬರನ್ನಾಗಿ ಶುರು ಮಾಡಲು ನಿರ್ಧರಿಸಿದೆ.

ಮೊದಲು ಪ್ರತಿನಿಧಿಯನ್ನು ಕರೆದೆ. "ಸಿಗೋಣ" ಎನ್ನಲಿಲ್ಲ. ಹಾಗೆಂದರೆ ಸಿಗುವುದು ಎಲ್ಲಿ ಎಂದು ಇಬ್ಬರಿಗೂ ಗೊತ್ತು. ದಿನ, ಹೊತ್ತು, ಜಾಗ ಮೂರನ್ನೂ ನಾನೇ ಹೇಳಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲ ಬುಡದಲ್ಲಿ. ಬೆಳಗಿನ ಹೊತ್ತನ್ನು ಆರಿಸಿದ್ದಕ್ಕೆ ಕಾರಣವಿತ್ತು. ಸಂಜೆಯ ಭೇಟಿ ಎಲ್ಲಿ ಆರಂಭವಾದರೂ ಬಾರಿನ ಕಡೆಗೆ ಜಾರಬಲ್ಲದು. ಬೆಳಗಿನ ಭೇಟಿ ಹೆಚ್ಚೆಂದರೆ ಮಸಾಲೆ ದೋಸೆಯ ಕಡೆಗೆ ಜಾರುತ್ತದೆ. ಇನ್ನೊಂದು ಅನುಕೂಲವನ್ನು ನಾನು ಊಹಿಸಿರಲಿಲ್ಲ. ಮೇಜಿನ ಎದುರುಬದುರು ಕುಳಿತಾಗ ಕೈಯಲ್ಲಿ ಲೋಟವಿಲ್ಲದ ಮೌನ ಅಸಹನೀಯ. ಮೆಟ್ಟಿಲು ಹತ್ತುವಾಗ ಇಬ್ಬರಿಗೂ ಏದುಸಿರು, ಮಾತು ನಿಂತರೆ ಯಾರೂ ಕಾರಣ ಹುಡುಕುವುದಿಲ್ಲ. ಮೊದಲ ಭಾನುವಾರ ನಂದಿಯವರೆಗೆ ನಾವು ಆಡಿದ್ದು ಹತ್ತು ಮಾತು ಇರಬಹುದು. ನಾಲ್ಕನೆಯ ಭಾನುವಾರ ಬ್ಯಾಂಕಿನವನೂ ತಾನಾಗಿ ಬಂದ.

ಹಳಬರಿಬ್ಬರು ಉಳಿದರೂ ವಾರದ ಆರು ದಿನ ಖಾಲಿಯೇ. ಹೊಸ ಪರಿಚಯಕ್ಕಾಗಿ ಮೊದಲು ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆಯತೊಡಗಿದೆ. ಎರಡು ತಿಂಗಳು ನಡೆದರೂ ತಲೆಯಾಡಿಸುವ ನಾಲ್ಕು ಮಂದಿಯ ಹೊರತು ಯಾರೂ ಆಗಲಿಲ್ಲ. ತಪ್ಪು ಕೆರೆಯದಲ್ಲ. ನಡಿಗೆಗೆ ಇನ್ನೊಬ್ಬರು ಬೇಕಾಗುವುದಿಲ್ಲ, ನಾನು ಬಾರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಬಡಾವಣೆಯ ಬ್ಯಾಡ್ಮಿಂಟನ್ ಅಂಗಣದಲ್ಲಿ ಡಬಲ್ಸ್ ಆಡುವ ಒಂದು ಗುಂಪಿಗೆ ಸೇರಿದೆ. ಅಲ್ಲಿ ನಾಲ್ವರು ಬೇಕೇ ಬೇಕು. ಒಂದು ದಿನ ನಾನು ತಪ್ಪಿಸಿದಾಗ ಆರೂ ಹತ್ತಕ್ಕೆ ಫೋನ್ ಬಂತು: "ಮೂವರೇ ನಿಂತಿದ್ದೇವೆ ಸಾರ್, ಎಲ್ಲಿದ್ದೀರಿ?" ಎಷ್ಟೋ ತಿಂಗಳ ಮೇಲೆ ಯಾರೋ ನನಗಾಗಿ ಕಾಯುತ್ತಿದ್ದರು, ಅದೂ ಕುಡಿಯುವುದಕ್ಕಲ್ಲ. ಇಂತಹ ಪರಿಚಯ ಗಟ್ಟಿಯಾಗುವುದು ನಿಧಾನ. ಎರಡು ಪೆಗ್ ಒಳಗೆ ಹೋದರೆ ಅಪರಿಚಿತನಿಗೂ ಮನೆಯ ಗುಟ್ಟು ಹೇಳಿಬಿಡುತ್ತಿದ್ದವನು ನಾನು. ಇಲ್ಲಿ ಜೊತೆಯಾಟಗಾರನ ಮಕ್ಕಳೆಷ್ಟು ಎಂದು ತಿಳಿಯಲು ಮೂರು ತಿಂಗಳು ಹಿಡಿಯಿತು. ಈ ನಿಧಾನವನ್ನು ನೋಡಿ, ಕುಡಿಯದೆ ನನಗೆ ಸ್ನೇಹ ಮಾಡಲು ಬಾರದು ಎಂದುಕೊಂಡಿದ್ದೆ. ಅದು ನಿಜವಲ್ಲ, ಹಳೆಯ ವೇಗ ಕೃತಕವಾಗಿತ್ತು.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೂ ವಾರಕ್ಕೊಮ್ಮೆ ಹೋಗುತ್ತೇನೆ. ಅಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಸಭೆಗಿಂತ ಅದು ಮುಗಿದ ಮೇಲೆ ಹೊರಗೆ ನಿಂತು ಕುಡಿಯುವ ಚಹಾ ನನಗೆ ಹೆಚ್ಚು ದಕ್ಕಿದೆ. ಶನಿವಾರ ಎಂಟಕ್ಕೆ ಮನಸ್ಸು ಕದಡಿದರೆ ಫೋನ್ ಮಾಡಬಹುದಾದ ಒಬ್ಬರು ಅಲ್ಲಿ ಸಿಕ್ಕಿದ್ದಾರೆ. ಆ ಸೆಳೆತ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಅಷ್ಟು ಹೊತ್ತು ಅವರು ತಮ್ಮ ತೋಟದ ಕಥೆ ಹೇಳುತ್ತಾರೆ.

ಗುತ್ತಿಗೆದಾರ ಗೆಳೆಯನಿಗೆ ಎಂಟು ತಿಂಗಳಲ್ಲಿ ಐದು ಸಲ ಕರೆ ಕೊಟ್ಟೆ. "ನೋಡೋಣ" ಎನ್ನುತ್ತಿದ್ದ. ಇದು ನನಗೆ ಈಗಲೂ ನೋವಿನ ವಿಷಯ. ನನ್ನ ತಂದೆ ತೀರಿಕೊಂಡಾಗ ಮೊದಲು ಬಂದು ಚಟ್ಟಕ್ಕೆ ಬಿದಿರು ತಂದವನು ಅವನೇ. ಕಳೆದ ತಿಂಗಳು ಅವನ ಹೊಸ ಮನೆಯ ಗೃಹಪ್ರವೇಶವಿತ್ತು. ರಾತ್ರಿ ಮಹಡಿಯ ಮೇಲೆ ಗೆಳೆಯರಿಗೆ ಬೇರೆ ಏರ್ಪಾಡು ಇರುತ್ತದೆಂದು ಗೊತ್ತಿತ್ತು. ನಾನು ಬೆಳಿಗ್ಗೆ ಹೋಮದ ಹೊತ್ತಿಗೆ ಹೋಗಿ, ಪಂಕ್ತಿಯಲ್ಲಿ ಊಟ ಮಾಡಿ, ಎರಡು ಗಂಟೆಗೆ ಹೊರಟೆ. ಅವನು ಗೇಟಿನವರೆಗೆ ಬಂದ. ರಾತ್ರಿ ಇರು ಎನ್ನಲಿಲ್ಲ. ಸ್ವಲ್ಪ ಹೊತ್ತು ನನ್ನ ಸ್ಕೂಟರಿನ ಕನ್ನಡಿಯನ್ನು ಸರಿಪಡಿಸುತ್ತ ನಿಂತು, "ಭಾನುವಾರ ಎಷ್ಟು ಗಂಟೆಗೆ ಹತ್ತುತ್ತೀರಿ?" ಎಂದು ಕೇಳಿದ. ಆರಕ್ಕೆ ಎಂದೆ.

ಇನ್ನೂ ಬಂದಿಲ್ಲ. ಹತ್ತುವ ಮುನ್ನ ನಾವು ಮೂವರೂ ಆರೂ ಕಾಲರವರೆಗೆ ಬುಡದಲ್ಲೇ ನಿಂತಿರುತ್ತೇವೆ.