ಹೆಸರು ಹೇಳಲು ಬೇಕಾದ ಸಮಯ: ಉಗ್ಗಿನ ಚಿಕಿತ್ಸೆಯಲ್ಲಿ ನನ್ನ ಅನುಭವ

ನನ್ನ ಹೆಸರು ‘ಪು’ ಎಂಬ ಅಕ್ಷರದಿಂದ ಆರಂಭವಾಗುತ್ತದೆ. ಉಗ್ಗು ಇರುವವರಲ್ಲಿ ಅನೇಕರು ಕಷ್ಟದ ಪದ ಬರುವ ಮೊದಲೇ ಅದನ್ನು ಗುರುತಿಸಿ, ಬೇರೊಂದು ಪದ ಹಾಕಿ ಪಾರಾಗುವುದನ್ನು ಚಿಕ್ಕಂದಿನಲ್ಲೇ ಕಲಿತುಬಿಡುತ್ತಾರೆ. ನಾನೂ ‘ಪರೀಕ್ಷೆ’ ಎನ್ನದೆ ‘ಎಕ್ಸಾಮ್’ ಎನ್ನುತ್ತಿದ್ದೆ, ‘ಪೇಟೆಗೆ’ ಎನ್ನದೆ ‘ಊರೊಳಕ್ಕೆ’ ಎನ್ನುತ್ತಿದ್ದೆ. ಹೆಸರಿಗೆ ಮಾತ್ರ ಬದಲಿ ಪದ ಇಲ್ಲ. ಮಂಡ್ಯದ ಸಹಕಾರ ಸಂಘವೊಂದರಲ್ಲಿ ಕೆಲಸಕ್ಕೆ ಸೇರಿ, ದಿನಕ್ಕೆ ಹತ್ತಾರು ಬಾರಿ ಫೋನಿನಲ್ಲಿ ಹೆಸರು ಹೇಳಬೇಕಾಗಿ ಬಂದಾಗ, ನನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯ ಬಾಗಿಲಿಗೆ ಹೋದೆ.

ಅದಕ್ಕೂ ಮೊದಲು ಮನೆಯಲ್ಲಿ ಮಾಡದ ಉಪಾಯವಿರಲಿಲ್ಲ. ಅಜ್ಜಿ ಬಜೆಯನ್ನು ತೇದು ನಾಲಿಗೆಗೆ ಹಚ್ಚುತ್ತಿದ್ದರು. ಬಾಲ್ಯದಲ್ಲಿ ನಾಯಿಗೆ ಹೆದರಿದ್ದರಿಂದ ಹೀಗಾಯಿತು ಎಂದು ಅಮ್ಮ ಇಂದಿಗೂ ನೊಂದುಕೊಳ್ಳುತ್ತಾರೆ. ಆದರೆ ದೋಷ ನಾಲಿಗೆಯಲ್ಲಿದ್ದಿದ್ದರೆ ಶನಿವಾರದ ಭಜನೆಯಲ್ಲೂ ನಾನು ಉಗ್ಗಬೇಕಿತ್ತು. ಹಾಡುವಾಗಲಾಗಲಿ, ಹತ್ತು ಜನರೊಡನೆ ಒಟ್ಟಾಗಿ ಶ್ಲೋಕ ಹೇಳುವಾಗಲಾಗಲಿ, ನನಗೆ ಒಮ್ಮೆಯೂ ಮಾತು ನಿಂತಿಲ್ಲ. ಉಗ್ಗು ಇರುವ ಬಹುತೇಕರ ಅನುಭವವೂ ಇದೇ. ಮಾತಿನ ಅಂಗಗಳು ಸರಿಯಾಗಿಯೇ ಇರುತ್ತವೆ. ಸ್ವಂತ ಮಾತನ್ನು ಹೊತ್ತಿಗೆ ಸರಿಯಾಗಿ ಆರಂಭಿಸಿ, ಒಂದು ಧ್ವನಿಯಿಂದ ಇನ್ನೊಂದಕ್ಕೆ ಸಾಗಿಸುವ ಮಿದುಳಿನ ವ್ಯವಸ್ಥೆಯಲ್ಲಿ ಸೂಕ್ಷ್ಮ ವ್ಯತ್ಯಾಸವಿರುತ್ತದೆ. ಮಿದುಳಿನ ಚಿತ್ರಗಳಲ್ಲಿ ಎಡಭಾಗದ ಕೆಲವು ನರಮಾರ್ಗಗಳು ಸರಾಸರಿಯಾಗಿ ಬೇರೆ ರೀತಿ ಕಂಡಿವೆ, ಮತ್ತು ಉಗ್ಗು ಮನೆತನದಲ್ಲಿ ಹರಿದುಬರುವುದೂ ಉಂಟು. 2010ರಲ್ಲಿ ಪಾಕಿಸ್ತಾನದ ಕುಟುಂಬವೊಂದರಿಂದ ಆರಂಭವಾದ ಸಂಶೋಧನೆಯೊಂದು ಕೆಲವರ ಉಗ್ಗಿಗೆ ಸಂಬಂಧಿಸಿದ ಜೀನ್‌ಗಳನ್ನು ಗುರುತಿಸಿತು. ಆದರೂ ಎಲ್ಲರಿಗೂ ಅನ್ವಯಿಸುವ ಒಂದೇ ಜೀನ್ ಇಲ್ಲ. ನನ್ನ ಚಿಕ್ಕಪ್ಪನಿಗೂ ಉಗ್ಗಿತ್ತು ಎಂಬುದನ್ನು ಚಿಕಿತ್ಸಕಿ ಕೇಳುವವರೆಗೆ ನಮ್ಮ ಮನೆಯಲ್ಲಿ ಯಾರೂ ಇದಕ್ಕೆ ಜೋಡಿಸಿ ನೋಡಿರಲಿಲ್ಲ. ಭಯದಿಂದ ಉಗ್ಗು ಹುಟ್ಟುವುದಿಲ್ಲ. ಹುಟ್ಟಿದ ಉಗ್ಗನ್ನು ಭಯ ಹೆಚ್ಚಿಸುತ್ತದೆ. ಈ ಮಾತನ್ನು ಅಮ್ಮನಿಗೆ ತಿಳಿಸಲೆಂದೇ ಚಿಕಿತ್ಸಕಿ ಒಂದು ದಿನ ಅವರನ್ನೂ ಕರೆಸಿದರು.

ಮೊದಲು ಕಲಿತದ್ದು ಸ್ವರಗಳನ್ನು ಎಳೆದು, ಪದಗಳನ್ನು ಒಂದಕ್ಕೊಂದು ಸೇರಿಸಿ, ಬಹಳ ನಿಧಾನವಾಗಿ ಮಾತನಾಡುವ ವಿಧಾನವನ್ನು. ಕೋಣೆಯೊಳಗೆ ಮೂರನೆಯ ವಾರಕ್ಕೇ ಒಂದು ತಡೆಯೂ ಇಲ್ಲದೆ ಓದುತ್ತಿದ್ದೆ. ಆದರೆ ರೈಲಿಳಿದು ಮಂಡ್ಯದ ಕಚೇರಿಗೆ ಬಂದು, ಎದುರಿಗೆ ಅವಸರದಲ್ಲಿರುವ ರೈತರೊಬ್ಬರು ನಿಂತರೆ ಆ ನಿಧಾನ ಉಳಿಯುತ್ತಿರಲಿಲ್ಲ. ಉಳಿಸಿಕೊಂಡರೆ ನನ್ನ ಮಾತು ನನಗೇ ಪರಕೀಯವಾಗಿ ಕೇಳುತ್ತಿತ್ತು. ಈ ವಿಧಾನದಿಂದ ಅನೇಕರಿಗೆ ಪ್ರಯೋಜನವಾಗಿದೆ, ನಿಜ. ಆದರೆ ಕಲಿತದ್ದು ಹೊರಗೆ ಉಳಿಯದೆ ಹಿಂದಕ್ಕೆ ಜಾರುವುದು ವಯಸ್ಕರಲ್ಲಿ ಸಾಮಾನ್ಯ, ಮತ್ತು ಅದನ್ನು ನನ್ನ ಸೋಮಾರಿತನವೆಂದು ತಿಳಿದು ಎರಡು ತಿಂಗಳು ಸುಮ್ಮನೆ ಕೊರಗಿದೆ.

ಆ ಮೇಲೆ ದಾರಿ ಬದಲಾಯಿತು. ಉಗ್ಗನ್ನು ಇಲ್ಲವಾಗಿಸುವುದರ ಬದಲು, ಉಗ್ಗುವಾಗ ನಾನು ಮಾಡುವ ಹೋರಾಟವನ್ನು ಕಡಿಮೆ ಮಾಡುವುದು. ಸ್ವತಃ ಉಗ್ಗು ಇದ್ದ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ರೂಪಿಸಿದ ಕ್ರಮವಿದು. ಮೊದಲ ಕೆಲಸ ಕನ್ನಡಿ ಮುಂದೆ ನನ್ನ ಹೆಸರನ್ನು ಹೇಳಿ ನೋಡುವುದಾಗಿತ್ತು. ‘ಪು’ ಎನ್ನಲು ತುಟಿಗಳು ಮುಚ್ಚುವುದು ಎಲ್ಲರಿಗೂ ಸಹಜ. ನನ್ನ ತುಟಿಗಳು ಬಿಳುಚುವಷ್ಟು ಬಿಗಿಯುತ್ತಿದ್ದವು, ಗಂಟಲೂ ಬಿಗಿದು ಉಸಿರು ನಿಲ್ಲುತ್ತಿತ್ತು, ಬಲಗಣ್ಣು ಮುಚ್ಚಿ ತಲೆ ಹಿಂದಕ್ಕೆ ಜಗ್ಗುತ್ತಿತ್ತು. ಇದರಲ್ಲಿ ನಿಜವಾದ ಉಗ್ಗು ಸ್ವಲ್ಪವೇ. ಮಿಕ್ಕದ್ದು ಅದರಿಂದ ತಪ್ಪಿಸಿಕೊಳ್ಳಲು ನಾನು ಇಪ್ಪತ್ತು ವರ್ಷಗಳಿಂದ ಕೂಡಿಸಿಕೊಂಡದ್ದು.

ಎರಡನೆಯ ಕೆಲಸ ಬೇಕೆಂದೇ ಉಗ್ಗುವುದಾಗಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಹತ್ತು ಅಂಗಡಿಗಳಿಗೆ ಹೋಗಿ, ನನಗೆ ಕಷ್ಟವೇ ಅಲ್ಲದ ಪದದ ಮೇಲೆ, ಬಿಗಿಯಿಲ್ಲದೆ “ಬಾ-ಬಾ-ಬಾಳೆಹಣ್ಣು ಎಷ್ಟು?” ಎಂದು ಕೇಳಬೇಕಿತ್ತು, ಕೇಳುವಾಗ ಅಂಗಡಿಯವರ ಮುಖದಿಂದ ಕಣ್ಣು ಕದಲಿಸಬಾರದಿತ್ತು. ಮೊದಲ ಅಂಗಡಿಯಲ್ಲಿ ಕೈ ನಡುಗಿತು. ಒಬ್ಬರು ನಕ್ಕರು, ಉಳಿದವರು ಬೆಲೆ ಹೇಳಿದರು. ಉಗ್ಗನ್ನು ಬಚ್ಚಿಡಬೇಕೆಂಬ ಆತುರ ಅಲ್ಲಿ ಸಡಿಲಗೊಳ್ಳದಿದ್ದರೆ ಮುಂದಿನ ಯಾವ ಹೆಜ್ಜೆಯೂ ನನಗೆ ಸಾಧ್ಯವಾಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಮಾತನ್ನು ಬದಲಿಸುವ ಪಾಠವನ್ನು ಹಿಂದಿನಿಂದ ಮುಂದಕ್ಕೆ ಕಲಿಸಿದರು. ಮೊದಲಿಗೆ, ಉಗ್ಗಿದ ಪದವನ್ನು ಹೇಗೋ ಮುಗಿಸಿ, ಸುಮಾರು 3 ಸೆಕೆಂಡು ನಿಂತು, ತುಟಿ ಎಲ್ಲಿ ಬಿಗಿಯಿತೆಂದು ನೆನೆದು, ಅದೇ ಪದವನ್ನು ಸಡಿಲವಾಗಿ ಇನ್ನೊಮ್ಮೆ ಹೇಳುವುದು. ಇದು ರೂಢಿಯಾದ ಮೇಲೆ, ತಡೆಯ ನಡುವೆಯೇ ಬದಲಿಸುವುದು: ತುಟಿ ಬಿಗಿದಾಗ ದೂಡದೆ, ಅಲ್ಲೇ ನಿಂತು, ಬಿಗಿಯನ್ನು ಮೆಲ್ಲಗೆ ಇಳಿಸಿ, ಉಸಿರು ಹೊರಡಲು ಬಿಟ್ಟು ‘ಉ’ ಸ್ವರಕ್ಕೆ ಜಾರುವುದು. ಕೊನೆಗೆ, ಕಷ್ಟದ ಪದ ಬರುವ ಮುನ್ನವೇ ತುಟಿಗಳನ್ನು ಹಗುರವಾಗಿ ತಾಕಿಸಿ ಆರಂಭಿಸುವುದು. ತಪ್ಪು ಎಲ್ಲಿ ಆಗುತ್ತದೆ ಎಂದರೆ, ಬಿಗಿ ಇಳಿಯುವ ಮೊದಲೇ ಪದವನ್ನು ಹೊರಗೆ ನೂಕಿಬಿಡುತ್ತೇವೆ. ಮಾತು ಸಿಡಿದು ಹೊರಬಂದರೆ ಅದು ಹಳೆಯ ಹೋರಾಟ. ಜಾರಿ ಹೊರಬಂದರೆ ಸರಿಯಾದದ್ದು. ಇಷ್ಟಕ್ಕೆ ನನಗೆ ಏಳು ತಿಂಗಳು ಹಿಡಿಯಿತು.

ನಾನು ಹೀಗೆ ತಡೆಯಲ್ಲೇ ನಿಲ್ಲುವುದನ್ನು ಕಲಿಯುವಾಗ ಎದುರಿಗಿರುವವರು ಏನು ಮಾಡುತ್ತಾರೆ ಎಂಬುದು ಬಹಳ ಮುಖ್ಯವಾಗಿತ್ತು. ಕಚೇರಿಯಲ್ಲಿ ಕೆಲವರು ಪ್ರೀತಿಯಿಂದಲೇ ನನ್ನ ವಾಕ್ಯವನ್ನು ತಾವೇ ಮುಗಿಸುತ್ತಿದ್ದರು. ಊಹೆ ತಪ್ಪಿದರೆ ಅದನ್ನು ಅಲ್ಲಗಳೆದು ನಾನು ಮೊದಲಿನಿಂದ ಆರಂಭಿಸಬೇಕು. ಸರಿಯಿದ್ದರೆ, ಅಭ್ಯಾಸ ಮಾಡಬೇಕಿದ್ದ ಪದವೇ ಕೈತಪ್ಪುತ್ತದೆ. “ನಿಧಾನವಾಗಿ ಹೇಳಿ, ಉಸಿರು ತಗೊಳ್ಳಿ” ಎಂದರೆ ಅವರು ನನ್ನ ವಿಷಯವನ್ನು ಬಿಟ್ಟು ಬಾಯಿಯನ್ನು ಗಮನಿಸುತ್ತಿದ್ದಾರೆ ಎಂದು ತಿಳಿಯುತ್ತದೆ, ತುಟಿ ಇನ್ನಷ್ಟು ಬಿಗಿಯುತ್ತದೆ. ಹೊಸದಾಗಿ ಬಂದ ಕಿರಿಯ ಸಹೋದ್ಯೋಗಿಯೊಬ್ಬ ಮಾತ್ರ ಟೀ ಕುಡಿಯುವಾಗ ನೇರವಾಗಿ ಕೇಳಿದ: “ಅಣ್ಣಾ, ಮಾತು ಸಿಕ್ಕಾಕ್ಕೊಂಡಾಗ ನಾನು ಹೇಳ್ಕೊಡ್ಲಾ, ಇಲ್ಲಾ ಸುಮ್ನೆ ಕಾಯ್ಲಾ?” ಕಾಯಬೇಕು, ಎಂದಿನಂತೆ ಮುಖ ನೋಡುತ್ತಿರಬೇಕು, ನಾನು ಮುಗಿಸಿದ ಮೇಲೆ ಹೇಳಿದ ವಿಷಯಕ್ಕೆ ಉತ್ತರಿಸಬೇಕು ಎಂದೆ. ಸಭೆಯಲ್ಲಿ ಸಾಲಾಗಿ ಪರಿಚಯ ಹೇಳುವಾಗ ನನ್ನ ಸರದಿ ಹತ್ತಿರವಾದಂತೆ ಭಯ ಏರುತ್ತದೆ ಎಂದು ತಿಳಿದ ಮೇಲೆ, ಮೊದಲೇ ಮಾತನಾಡಲು ಅವನೇ ನನಗೆ ಅವಕಾಶ ಮಾಡಿಕೊಡತೊಡಗಿದ.

ಶಾಲೆಯಲ್ಲೂ ಇದೇ ಸರದಿಯ ಸಂಕಟವಿತ್ತು. ಬೆಂಚು ಎಣಿಸಿ ನನ್ನ ಪ್ಯಾರಾ ಯಾವುದೆಂದು ಹುಡುಕುತ್ತಾ, ಪಾಠವನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಮೇಷ್ಟ್ರೊಬ್ಬರು ಕನಿಕರದಿಂದ ನನ್ನನ್ನು ಓದಿಸುವುದನ್ನೇ ಬಿಟ್ಟರು. ಅದರಿಂದ ತರಗತಿಗೆ ತಿಳಿದದ್ದು ನನಗೆ ಓದಲು ಬರುವುದಿಲ್ಲ ಎಂದು. ನನ್ನ ಅಕ್ಕನ ಮಗನಿಗೆ ಮೂರನೆಯ ವರ್ಷದಲ್ಲಿ ಉಗ್ಗು ಕಾಣಿಸಿತು. ಉಗ್ಗು ಆರಂಭವಾದ ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ತಾನಾಗಿಯೇ ಹೋಗುತ್ತದೆ, ಆದರೆ ಗಂಡುಮಕ್ಕಳಿಗೂ ಮನೆತನದಲ್ಲಿ ಉಗ್ಗಿರುವವರಿಗೂ ಉಳಿಯುವ ಸಂಭವ ಹೆಚ್ಚು. ಆದ್ದರಿಂದ ನಾವು ಕಾಯದೆ ತೋರಿಸಿದೆವು. ಅವನೀಗ ಎರಡನೆಯ ತರಗತಿ. ಉಗ್ಗು ಅಲ್ಪಸ್ವಲ್ಪ ಉಳಿದಿದೆ. ಅವನ ಶಿಕ್ಷಕಿ ಅವನನ್ನು ಒಂಟಿಯಾಗಿ ಕೇಳಿ, ಇಬ್ಬಿಬ್ಬರು ಮಕ್ಕಳು ಜೊತೆಯಾಗಿ ಗಟ್ಟಿಯಾಗಿ ಓದುವ ಕ್ರಮವನ್ನು ಇಡೀ ತರಗತಿಗೇ ತಂದಿದ್ದಾರೆ. ಜೊತೆಗೆ ಓದುವಾಗ ಅವನ ಮಾತು ನಿಲ್ಲುವುದಿಲ್ಲ. ಒಂಟಿಯಾಗಿ ಓದುತ್ತೇನೆಂದು ಅವನೇ ಕೈ ಎತ್ತಿದ ದಿನ ಹಾಗೆಯೇ ಓದಿಸುತ್ತಾರೆ.

ನನ್ನ ಉಗ್ಗು ಹೋಗಿಲ್ಲ. ಕಳೆದ ಸೋಮವಾರ ಬೆಳೆಸಾಲದ ವಿಚಾರಕ್ಕೆ ಒಬ್ಬರು ಫೋನ್ ಮಾಡಿದಾಗ ಹೆಸರಿನ ಮೇಲೆ ತುಟಿ ಬಿಗಿಯಿತು. ನಿಂತೆ, ಬಿಗಿ ಇಳಿಸಿದೆ, ಹೆಸರು ಜಾರಿಕೊಂಡು ಬಂತು. ಒಂದು ನಾಲ್ಕು ಸೆಕೆಂಡು ಹಿಡಿದಿರಬಹುದು. ಆ ಕಡೆಯವರು “ಹಲೋ, ಕೇಳಿಸ್ತಿದೆಯಾ?” ಎಂದರು. “ಕೇಳಿಸ್ತಿದೆ, ನನಗೆ ಉಗ್ಗಿದೆ, ಸ್ವಲ್ಪ ಹೊತ್ತಾಗುತ್ತೆ” ಎಂದೆ. “ಆಗ್ಲಿ ಬುದ್ಧಿ, ನಿಧಾನಕ್ಕೇಳಿ, ಪಾಣಿ ಜೊತೆ ಇನ್ನೇನ್ ತರ್ಬೇಕು?” ಎಂದು ಅವರು ಕೇಳಿದರು, ನಾನು ಹೇಳಿದೆ.