ವಿಲ್ಲಿಗೆ ಸಾಕ್ಷಿ ಹಾಕಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನಾನು ನಡೆಸಿದ ಒಂದು ದಾವೆಯಲ್ಲಿ ಸಾಕ್ಷಿ ಹೇಳಲು ಬಂದವರು ನಿವೃತ್ತ ಮೇಷ್ಟರು. ವಿಲ್ಲಿನ ಕೊನೆಯ ಪುಟದಲ್ಲಿ ದುಂಡಗಿನ ಅಕ್ಷರದ ಅವರ ಸಹಿ ಇತ್ತು. ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ‘ನೀವು ಸಹಿ ಹಾಕುವಾಗ ಯಜಮಾನರು ಎಲ್ಲಿದ್ದರು?’ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಷ್ಟರು, ‘ಅವರು ಅವರ ಮನೆಯಲ್ಲಿ ಮಲಗಿದ್ದರು ಸ್ವಾಮಿ. ಕಾಗದವನ್ನು ಅವರ ಮಗಳು ನಮ್ಮನೆಗೆ ತಂದಳು, ನಾನು ಜಗಲಿಯಲ್ಲಿ ಕೂತು ಸಹಿ ಹಾಕಿಕೊಟ್ಟೆ’ ಎಂದರು. ನಮ್ಮ ಕೇಸು ಅಲ್ಲಿಗೇ ಮುಗಿಯಿತು. ಆ ವಿಲ್ಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿತ್ತು. ಅಪ್ಪನನ್ನು ಹತ್ತು ವರ್ಷ ನೋಡಿಕೊಂಡ ಮಗಳಿಗೆ ಆತ ಬಿಟ್ಟುಹೋದ ಮನೆ ಆ ವಿಲ್ಲಿನಿಂದ ದಕ್ಕಲಿಲ್ಲ.

ವಿಲ್ ಎಂದ ಕೂಡಲೇ ಜನ ಕೇಳುವುದು ಸ್ಟಾಂಪ್ ಪೇಪರ್ ಎಷ್ಟರದು, ರಿಜಿಸ್ಟರ್ ಮಾಡಿಸಲೇಬೇಕಾ ಎಂದು. ವಿಲ್ಲಿಗೆ ಸ್ಟಾಂಪ್ ಶುಲ್ಕವೇ ಇಲ್ಲ, ಬಿಳಿ ಹಾಳೆಯಲ್ಲಿ ಕೈಯಲ್ಲಿ ಬರೆದರೂ ನಡೆಯುತ್ತದೆ. ವಿಲ್ಲಿನ ಜೀವ ಇರುವುದು ಸಹಿ ಬೀಳುವ ಆ ಹತ್ತು ನಿಮಿಷದಲ್ಲಿ. ಆ ಹತ್ತು ನಿಮಿಷವನ್ನು ಹೇಗೆ ನಡೆಸಬೇಕು ಎಂಬುದನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ.

ಕಾನೂನು ಕೇಳುವುದೇನು?

ಹಿಂದೂ, ಕ್ರೈಸ್ತ, ಪಾರ್ಸಿ, ಜೈನ, ಬೌದ್ಧ, ಸಿಖ್ಖರ ವಿಲ್ಲುಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಅನ್ವಯಿಸುತ್ತದೆ. (ಮುಸ್ಲಿಮರ ವಿಲ್ಲಿಗೆ ಅವರ ವೈಯಕ್ತಿಕ ಕಾನೂನು ಇದೆ. ಅಲ್ಲಿ ಬಾಯಿಮಾತಿನ ವಿಲ್ಲೂ ನಡೆಯುತ್ತದೆ, ಅದರ ನಿಯಮಗಳೇ ಬೇರೆ.) ಈ ಕಲಮಿನ ಪ್ರಕಾರ ವಿಲ್ ಬರೆಸಿದವರು ಸಹಿ ಹಾಕಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಕೈ ಆಡದ ಸ್ಥಿತಿಯಲ್ಲಿದ್ದರೆ ಅವರ ಎದುರಿನಲ್ಲೇ, ಅವರು ಹೇಳಿದ ಮೇಲೆ, ಬೇರೊಬ್ಬರು ಅವರ ಪರವಾಗಿ ಸಹಿ ಹಾಕಬಹುದು. ಆಮೇಲೆ ಕನಿಷ್ಠ ಇಬ್ಬರು ಸಾಕ್ಷಿ ಹಾಕಬೇಕು.

ಸಾಕ್ಷಿಗೆ ಎರಡು ಷರತ್ತುಗಳಿವೆ. ಒಂದು, ಬರೆಸಿದವರು ಸಹಿ ಹಾಕುವುದನ್ನು ಆತ ಕಣ್ಣಾರೆ ಕಂಡಿರಬೇಕು. ಕಂಡಿಲ್ಲದಿದ್ದರೆ ‘ಇದು ನನ್ನದೇ ಸಹಿ’ ಎಂದು ಬರೆಸಿದವರ ಬಾಯಿಂದಲೇ ಕೇಳಿರಬೇಕು. ಎರಡು, ಸಾಕ್ಷಿ ತನ್ನ ಸಹಿಯನ್ನು ಬರೆಸಿದವರ ಎದುರಿನಲ್ಲೇ ಹಾಕಬೇಕು. ಮೇಷ್ಟರ ವಿಷಯದಲ್ಲಿ ತಪ್ಪಿದ್ದು ಈ ಎರಡೂ. ಮಗಳು ‘ಅಪ್ಪ ಸಹಿ ಹಾಕಿದ್ದಾರೆ’ ಎಂದು ಹೇಳಿದ್ದನ್ನು ಅಪ್ಪನೇ ಹೇಳಿದಂತೆ ಎಣಿಸಲು ಬರುವುದಿಲ್ಲ.

ಇಬ್ಬರು ಸಾಕ್ಷಿಗಳೂ ಒಟ್ಟಿಗೆ ಇರಬೇಕೆಂದು ಕಾನೂನು ಹೇಳಿಲ್ಲ. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಬಂದು ಹಾಕಿದರೂ ಸಿಂಧು, ಪ್ರತಿಸಲವೂ ಬರೆಸಿದವರು ಎದುರಿಗಿದ್ದರೆ ಆಯಿತು. ಆದರೂ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಎಂದೇ ನಾನು ಹೇಳುವುದು. ವಿಲ್ಲನ್ನು ರುಜುವಾತು ಮಾಡಲು ಒಬ್ಬ ಸಾಕ್ಷಿಯನ್ನಾದರೂ ಕಟಕಟೆಗೆ ಕರೆಸಲೇಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 68ನೇ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 67ನೇ ಕಲಮಾಗಿದೆ. ಹಾಗೆ ಬಂದ ಒಬ್ಬ ಸಾಕ್ಷಿ ತನ್ನ ಸಹಿಯ ಜೊತೆಗೆ ಎರಡನೆಯವನ ಸಹಿಯೂ ಸರಿಯಾಗಿ ಬಿದ್ದಿದೆ ಎಂದು ಹೇಳಬಲ್ಲವನಾಗಿರಬೇಕು. ಜಾನಕಿ ನಾರಾಯಣ ಭೋಯಿರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಬೆಳಿಗ್ಗೆ ಬಂದು ಹೋದವನಿಗೆ ಸಂಜೆಯ ಸಹಿ ಹೇಗೆ ಗೊತ್ತಿರಲು ಸಾಧ್ಯ?

ಯಾರನ್ನು ಕರೆಯಬೇಕು?

ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರೂ ಸಾಕ್ಷಿಯಾಗಬಹುದು. ಗೆಜೆಟೆಡ್ ಅಧಿಕಾರಿಯೇ ಬೇಕು, ವಕೀಲರೇ ಬೇಕು ಎಂಬುದೆಲ್ಲ ಬರೀ ಮಾತು. ವಿಲ್ಲಿನಲ್ಲಿ ಏನು ಬರೆದಿದೆ ಎಂದು ಸಾಕ್ಷಿಗೆ ತೋರಿಸಬೇಕಾಗಿಯೂ ಇಲ್ಲ. ‘ಯಾರಿಗೆ ಏನು ಕೊಟ್ಟೆ ಅಂತ ಊರಿಗೆಲ್ಲ ಗೊತ್ತಾಗುತ್ತೆ’ ಎಂದು ಹಿಂಜರಿಯುವವರು ಬರಹದ ಭಾಗವನ್ನು ಮುಚ್ಚಿಯೇ ಸಹಿ ಹಾಕಿಸಿಕೊಳ್ಳಬಹುದು. ಸಾಕ್ಷಿ ನೋಡಬೇಕಾದ್ದು ಸಹಿಯನ್ನು.

ಆಸ್ತಿ ಪಡೆಯುವವರೇ ಸಾಕ್ಷಿ ಹಾಕಬಹುದೇ ಎಂಬ ಪ್ರಶ್ನೆಗೆ ಧರ್ಮಕ್ಕೆ ತಕ್ಕಂತೆ ಉತ್ತರ ಬದಲಾಗುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕ್ರೈಸ್ತರು ಮತ್ತು ಪಾರ್ಸಿಗಳಿಗೆ ಉತ್ತರಾಧಿಕಾರ ಕಾಯ್ದೆಯ 67ನೇ ಕಲಮು ಅನ್ವಯಿಸುತ್ತದೆ. ಸಾಕ್ಷಿ ಹಾಕಿದವರಿಗೋ ಅವರ ಗಂಡ ಅಥವಾ ಹೆಂಡತಿಗೋ ವಿಲ್ಲಿನಲ್ಲಿ ಏನಾದರೂ ಬರೆದಿದ್ದರೆ ಆ ಭಾಗ ಅನೂರ್ಜಿತ, ಉಳಿದ ವಿಲ್ಲು ಊರ್ಜಿತ. ಮಂಗಳೂರಿನ ಒಂದು ಕ್ರೈಸ್ತ ಕುಟುಂಬದಲ್ಲಿ ತಾಯಿ ಮಗಳಿಗೆ ಮನೆ ಬರೆದು, ಅಳಿಯನಿಂದಲೇ ಸಾಕ್ಷಿ ಹಾಕಿಸಿದರು ಎಂದಿಟ್ಟುಕೊಳ್ಳಿ. ಎಲ್ಲ ಪ್ರಾಮಾಣಿಕವಾಗಿ ನಡೆದಿದ್ದರೂ ಆ ಮನೆ ವಿಲ್ಲಿನ ಮೂಲಕ ಮಗಳಿಗೆ ಹೋಗುವುದಿಲ್ಲ.

ಹಿಂದೂಗಳಿಗೆ ಅನ್ವಯಿಸುವ ಕಲಮುಗಳ ಪಟ್ಟಿ ಅದೇ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದೆ. ಅದರಲ್ಲಿ 67 ಇಲ್ಲ. ಹಾಗಾಗಿ ಹಿಂದೂ ತಾಯಿಯ ವಿಲ್ಲಿಗೆ ಅಳಿಯ ಸಾಕ್ಷಿ ಹಾಕಿದ ಮಾತ್ರಕ್ಕೆ ಮಗಳ ಪಾಲು ಬಿದ್ದುಹೋಗುವುದಿಲ್ಲ. ಆದರೆ ಸಂಶಯ ಹುಟ್ಟುತ್ತದೆ. ಮೈಸೂರು ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋಗಿ 1959ರಲ್ಲಿ ವರದಿಯಾದ ವೆಂಕಟಾಚಲ ಅಯ್ಯಂಗಾರ್–ತಿಮ್ಮಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿಯನ್ನೇ ಇಂದಿಗೂ ಎಲ್ಲ ನ್ಯಾಯಾಲಯಗಳು ಹಿಡಿಯುತ್ತವೆ. ವಿಲ್ಲಿನಿಂದ ದೊಡ್ಡ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದೆ ನಿಂತಿದ್ದರೆ ಅದು ಸಂಶಯಾಸ್ಪದ ಸಂಗತಿ, ಆ ಸಂಶಯ ಕಳೆಯುವ ಹೊಣೆ ವಿಲ್ಲನ್ನು ಮುಂದಿಡುವವರದೇ. ಆದ್ದರಿಂದ ನಿಮ್ಮ ಧರ್ಮ ಯಾವುದೇ ಇರಲಿ, ಆಸ್ತಿ ಪಡೆಯುವವರನ್ನೂ ಅವರ ಗಂಡ ಹೆಂಡಿರನ್ನೂ ಸಾಕ್ಷಿಯಾಗಿ ಕರೆಯಬೇಡಿ. ಸಹಿಯ ಹೊತ್ತಿಗೆ ಅವರು ಆ ಕೋಣೆಯಲ್ಲೂ ಇರದಿದ್ದರೆ ಇನ್ನೂ ಒಳ್ಳೆಯದು.

ನನ್ನ ಪ್ರಕಾರ ಒಳ್ಳೆಯ ಸಾಕ್ಷಿ ಎಂದರೆ ನಿಮಗಿಂತ ಹದಿನೈದಿಪ್ಪತ್ತು ವರ್ಷ ಚಿಕ್ಕವರು, ಅದೇ ಊರಲ್ಲಿ ನೆಲೆ ನಿಂತವರು, ಕಟಕಟೆ ಹತ್ತಲು ಅಂಜದವರು. ಎಪ್ಪತ್ತೈದರ ಯಜಮಾನರು ಎಪ್ಪತ್ತೆಂಟರ ಗೆಳೆಯರಿಬ್ಬರಿಂದ ಸಾಕ್ಷಿ ಹಾಕಿಸಿದ್ದನ್ನು ನೋಡಿದ್ದೇನೆ. ವಿಲ್ಲು ಹೊರಬಂದಾಗ ಇಬ್ಬರೂ ಇರಲಿಲ್ಲ. ಆಗಲೂ ಕಾನೂನಿನಲ್ಲಿ ದಾರಿ ಇದೆ: ಒಬ್ಬ ಸಾಕ್ಷಿಯ ಅಕ್ಷರವನ್ನೂ ಬರೆಸಿದವರ ಸಹಿಯನ್ನೂ ಬಲ್ಲವರಿಂದ ಗುರುತಿಸಿ ರುಜುವಾತು ಮಾಡಬೇಕು. ಅದಕ್ಕಾಗಿ ಹಳೆಯ ಬ್ಯಾಂಕ್ ಚೆಕ್ಕು, ಪತ್ರ ಹುಡುಕುತ್ತ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಬರೆಸುವವರಿಗೆ ತುಂಬಾ ವಯಸ್ಸಾಗಿದ್ದರೆ ಅಥವಾ ಕಾಯಿಲೆ ಇದ್ದರೆ, ಅವರನ್ನು ನೋಡುತ್ತಿರುವ ಡಾಕ್ಟರನ್ನೇ ಒಬ್ಬ ಸಾಕ್ಷಿಯಾಗಿ ಕೇಳಿಕೊಳ್ಳಿ. ಮನಸ್ಸು ಸ್ಥಿಮಿತದಲ್ಲಿತ್ತೇ ಎಂಬ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ.

ಆ ಹತ್ತು ನಿಮಿಷ

ಎಲ್ಲರೂ ಒಂದು ಮೇಜಿನ ಸುತ್ತ ಕೂತ ಮೇಲೆ ಬರೆಸಿದವರು ಮೊದಲು ವಿಲ್ಲನ್ನು ಓದಿಕೊಳ್ಳಲಿ. ಓದಲು ಬಾರದವರಾದರೆ ಆಸ್ತಿ ಪಡೆಯದವರೊಬ್ಬರು ಓದಿ ಹೇಳಲಿ, ಹಾಗೆ ಓದಿ ಹೇಳಿದ್ದನ್ನು ವಿಲ್ಲಿನಲ್ಲೇ ಬರೆಯಲಿ. ಆಮೇಲೆ ಪ್ರತಿ ಪುಟದ ಕೆಳಗೂ, ಕೊನೆಯ ಪುಟದಲ್ಲಿ ಬರಹ ಮುಗಿದ ಕಡೆಯೂ ಬರೆಸಿದವರ ಸಹಿ. ಪ್ರತಿ ಪುಟಕ್ಕೂ ಸಹಿ ಬೇಕೆಂದು ಕಾನೂನಿನಲ್ಲಿಲ್ಲ, ಆದರೆ ಹಾಳೆ ಬದಲಾಯಿಸಿದ್ದಾರೆ ಎಂಬ ತಕರಾರು ಏಳದಿರಲು ಅದು ಬೇಕು. ಅವರು ಪೆನ್ನು ಕೆಳಗಿಟ್ಟ ಮೇಲೆ ಸಾಕ್ಷಿಗಳ ಸರದಿ. ಸಾಕ್ಷಿಯ ಸಹಿ ಮೊದಲು ಬಿದ್ದರೆ ಇನ್ನೂ ಹಾಕದ ಸಹಿಗೆ ಸಾಕ್ಷಿ ಹಾಕಿದಂತಾಗುತ್ತದೆ.

ಸಾಕ್ಷಿಗಳ ಸಹಿಯ ಮೇಲೆ ಹೀಗೆರಡು ಸಾಲು ಬರೆಸಿ: ‘ಈ ವಿಲ್ಲಿಗೆ ಬರೆಸಿದವರು ಈ ದಿನ ನಮ್ಮಿಬ್ಬರ ಸಮಕ್ಷಮ ಸಹಿ ಮಾಡಿರುತ್ತಾರೆ. ಅವರ ಸಮಕ್ಷಮ ನಾವಿಬ್ಬರೂ ಸಾಕ್ಷಿ ಹಾಕಿರುತ್ತೇವೆ.’ ಇಂಥದ್ದೇ ಮಾತು ಇರಬೇಕೆಂದು ಕಾನೂನು ಕೇಳುವುದಿಲ್ಲ. ಆದರೆ ಹನ್ನೆರಡು ವರ್ಷದ ಮೇಲೆ ಪಾಟೀಸವಾಲಿನಲ್ಲಿ ತಡವರಿಸುವ ಸಾಕ್ಷಿಗೆ ಆ ಎರಡು ಸಾಲು ಆಸರೆಯಾಗುತ್ತವೆ. ಸಹಿಯ ಕೆಳಗೆ ಪೂರ್ತಿ ಹೆಸರು, ತಂದೆಯ ಹೆಸರು, ವಿಳಾಸ ಇರಲಿ. ‘ಸಾಕ್ಷಿ 1’ ಎಂಬುದರ ಎದುರು ಗೀಚಿದ ಒಂದು ಸಹಿ ಬಿಟ್ಟರೆ ಬೇರೇನೂ ಇಲ್ಲದ ವಿಲ್ಲುಗಳು ಬರುತ್ತವೆ. ಆ ಮನುಷ್ಯನನ್ನು ಎಲ್ಲಿ ಹುಡುಕುವುದು?

ಬರಹಗಾರರು ‘ಬಿಕ್ಕಲಂ’ ಎಂದು ಹಾಕುವ ಸಹಿಯನ್ನು ಸಾಕ್ಷಿಗಳ ಲೆಕ್ಕಕ್ಕೆ ಸೇರಿಸಬೇಡಿ. ಅವರು ಸಹಿ ಹಾಕಿದ್ದು ಬರೆದವರಾಗಿ. ಸಾಕ್ಷಿ ಎಂಬ ಉದ್ದೇಶದಿಂದಲೂ ಹಾಕಿದರು ಎಂದು ಬೇರೆಯಾಗಿ ತೋರಿಸದೆ ಅದು ಸಾಕ್ಷಿಯಾಗುವುದಿಲ್ಲ.

ನೋಂದಣಿ ಕಡ್ಡಾಯವೇ?

ಇಲ್ಲ. 1908ರ ನೋಂದಣಿ ಕಾಯ್ದೆಯ 18ನೇ ಕಲಮು ವಿಲ್ಲಿನ ನೋಂದಣಿಯನ್ನು ಬರೆಸಿದವರ ಇಷ್ಟಕ್ಕೆ ಬಿಟ್ಟಿದೆ. ವಿಲ್ಲಿನಲ್ಲಿ ಜಮೀನು, ಮನೆ ಇದ್ದರೂ ಅಷ್ಟೇ. ಕ್ರಯಪತ್ರಕ್ಕಿರುವ ನಾಲ್ಕು ತಿಂಗಳ ಗಡುವೂ ಇದಕ್ಕಿಲ್ಲ, ಯಾವಾಗ ಬೇಕಾದರೂ ಹಾಜರುಪಡಿಸಬಹುದು.

ಹಾಗಾದರೆ ನೋಂದಣಿಯಿಂದ ಸಿಗುವುದೇನು? ವಿಲ್ಲು ಕಳೆದರೂ ಕಚೇರಿಯಲ್ಲಿ ನಕಲು ಉಳಿಯುತ್ತದೆ, ಆ ದಿನಾಂಕದಂದು ಬರೆಸಿದವರು ಅಧಿಕಾರಿಯ ಮುಂದೆ ಖುದ್ದು ಬಂದು ಒಪ್ಪಿಕೊಂಡರು ಎಂಬ ದಾಖಲೆ ಉಳಿಯುತ್ತದೆ. ಬರೆಸಿದವರು ಬದುಕಿರುವವರೆಗೆ ಅದರ ನಕಲನ್ನು ಅವರಿಗೆ ಅಥವಾ ಅವರ ಏಜೆಂಟರಿಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ, ಹಾಗಾಗಿ ಗುಟ್ಟು ರಟ್ಟಾಗುವ ಭಯ ಬೇಡ. ಕಚೇರಿಗೆ ಹೋಗಲಾಗದಷ್ಟು ಅಶಕ್ತರಾದರೆ ಅಧಿಕಾರಿಯೇ ಮನೆಗೆ ಬರುವಂತೆ ಕೋರಲು 31ನೇ ಕಲಮಿನಲ್ಲಿ ಅವಕಾಶ ಇದೆ. ಅಣ್ಣತಮ್ಮಂದಿರಲ್ಲಿ ಈಗಾಗಲೇ ಮುನಿಸಿದ್ದರೆ, ಒಬ್ಬ ಮಗನಿಗೆ ಏನನ್ನೂ ಬಿಡುತ್ತಿಲ್ಲವಾದರೆ, ನೋಂದಣಿ ಮಾಡಿಸಿ ಎಂದೇ ನಾನು ಹೇಳುತ್ತೇನೆ.

ಆದರೆ ಅದು ಸಾಕ್ಷಿಯ ಲೋಪವನ್ನು ಮುಚ್ಚುವುದಿಲ್ಲ. ಬೇರೆ ನೋಂದಾಯಿತ ಪತ್ರಗಳಿಗೆ ಸಾಕ್ಷಿಯನ್ನು ಕರೆಸುವುದರಿಂದ ಸಾಕ್ಷ್ಯ ಕಾನೂನು ಕೊಡುವ ರಿಯಾಯಿತಿ ವಿಲ್ಲಿಗೆ ಸಿಗುವುದಿಲ್ಲ. ನಮ್ಮ ಮೇಷ್ಟರ ಪ್ರಕರಣದಲ್ಲಿ ಯಜಮಾನರು ಒಂದು ವಾರದ ನಂತರ ಕಚೇರಿಗೆ ಹೋಗಿ ನೋಂದಣಿ ಮಾಡಿಸಿದ್ದರು. ಅಲ್ಲಿ ಅವರನ್ನು ಗುರುತಿಸಿ ಇಬ್ಬರು ಸಹಿ ಹಾಕಿದ್ದರು. ಅವರನ್ನಾದರೂ ಸಾಕ್ಷಿಗಳೆಂದು ಎಣಿಸಿ ಎಂದು ವಾದಿಸಿದೆವು. ಅವರಲ್ಲಿ ಒಬ್ಬನನ್ನು ಕರೆಸಿದಾಗ ಆತ, ‘ಇವರು ಇಂಥವರು ಅಂತ ಗುರುತು ಹೇಳಿ ಸಹಿ ಹಾಕಿದೆ, ವಿಲ್ಲಿನ ಸಹಿ ನಾನು ನೋಡಿಲ್ಲ’ ಎಂದ. ವಿಲ್ಲಿಗೆ ಸಾಕ್ಷಿ ಹಾಕಿದ ಇಬ್ಬರನ್ನೇ ಕಚೇರಿಗೂ ಕರೆದುಕೊಂಡು ಹೋಗಿ, ಅಲ್ಲೇ ಎಲ್ಲರ ಸಹಿಯೂ ಬಿದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ.

ಇನ್ನೊಂದು ಮಾತು. ನೋಂದಣಿಯಾದ ವಿಲ್ಲನ್ನು ನೋಂದಣಿಯಾಗದ ಹೊಸ ವಿಲ್ಲು ರದ್ದು ಮಾಡಬಲ್ಲದು. ಸಾಯುವ ಮುನ್ನ ಬರೆದ ಕೊನೆಯದ್ದೇ ಊರ್ಜಿತ, ಅದಕ್ಕೂ ಇಬ್ಬರು ಸಾಕ್ಷಿಗಳು ಸರಿಯಾಗಿ ಬಿದ್ದಿದ್ದರೆ. ಸಣ್ಣ ಬದಲಾವಣೆಗೆಂದು ಹಳೆಯ ವಿಲ್ಲಿನಲ್ಲೇ ಸರ್ವೆ ನಂಬರನ್ನು ಹೊಡೆದು ಮೇಲೆ ಬೇರೆ ಬರೆಯುವುದುಂಟು. ಆ ತಿದ್ದುಪಡಿಯ ಪಕ್ಕದ ಅಂಚಿನಲ್ಲಿ ಬರೆಸಿದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಮತ್ತೆ ಬೀಳದಿದ್ದರೆ ಅದಕ್ಕೆ ಬೆಲೆಯಿಲ್ಲ, ಹೊಡೆದ ನಂಬರು ಓದಲು ಬರುವಂತಿದ್ದರೆ ಅದೇ ಉಳಿಯುತ್ತದೆ.