ಮೊಲಾಲಿಟಿ ವ್ಯಾಖ್ಯೆಯಲ್ಲಿ ಅಂಕ ತಪ್ಪುತ್ತಿದ್ದುದು ಎಲ್ಲಿ?

ಪಿಯು ರಸಾಯನಶಾಸ್ತ್ರದ ಒಂದು ಅಂಕದ ಪ್ರಶ್ನೆ: ಮೊಲಾಲಿಟಿ ಎಂದರೇನು? ‘1 ಕೆಜಿ ದ್ರಾವಣದಲ್ಲಿರುವ ದ್ರಾವ್ಯದ ಮೋಲ್‌ಗಳ ಸಂಖ್ಯೆ’ ಎಂದು ಬರೆದರೆ ಸೊನ್ನೆ. ಓದಲು ಸರಿಯೆನಿಸುತ್ತದೆ, ಆದರೆ ಅಲ್ಲಿರಬೇಕಾದ್ದು ‘ದ್ರಾವಕ’. ಒಂದೇ ಅಕ್ಷರದ ವ್ಯತ್ಯಾಸಕ್ಕೆ ಇಷ್ಟು ಕಟ್ಟುನಿಟ್ಟೇ ಎಂದು ಗೊಣಗುವ ಮೊದಲು ಲೆಕ್ಕ ಹಾಕಿ ನೋಡಿ.

18 ಗ್ರಾಂ ಗ್ಲೂಕೋಸ್ ಎಂದರೆ 0.1 ಮೋಲ್. ಅದನ್ನು 500 ಗ್ರಾಂ ನೀರಿನಲ್ಲಿ ಕರಗಿಸಿದರೆ ಮೊಲಾಲಿಟಿ 0.1 ÷ 0.5 = 0.2. ದ್ರಾವಣದ ತೂಕ 518 ಗ್ರಾಂ. ಅದರಿಂದ ಭಾಗಿಸಿದರೆ 0.193 ಬರುತ್ತದೆ. ಪದ ತಪ್ಪಿದರೆ ಉತ್ತರವೇ ಬೇರೆ.

ಇದಕ್ಕೆ ಕೆಲಸಕ್ಕೆ ಬಂದ ಉಪಾಯ, ವ್ಯಾಖ್ಯೆಯನ್ನು ಉರು ಹೊಡೆಯದೆ ಸೂತ್ರದಿಂದ ಓದಿ ಬರೆಯುವುದು. ಮೇಲಿರುವುದು ‘ದ್ರಾವ್ಯದ ಮೋಲ್‌ಗಳು’, ಕೆಳಗಿರುವುದು ‘ದ್ರಾವಕದ ಕೆಜಿ’. ಹಾಗಾಗಿ: ‘1 ಕೆಜಿ ದ್ರಾವಕದಲ್ಲಿ ಕರಗಿರುವ ದ್ರಾವ್ಯದ ಮೋಲ್‌ಗಳ ಸಂಖ್ಯೆ’. ಮೊಲಾರಿಟಿಯಲ್ಲಿ ಛೇದ ‘ದ್ರಾವಣದ ಲೀಟರ್’. ಅಲ್ಲಿ ಮಾತ್ರ ದ್ರಾವಣ ಸರಿ.

‘1 ಕೆಜಿ’ ಬಿಟ್ಟು ಬರೀ ‘ದ್ರಾವಕದಲ್ಲಿ’ ಎಂದರೂ ವ್ಯಾಖ್ಯೆ ಅಪೂರ್ಣ. ಉಷ್ಣತೆ ಬದಲಾದರೆ ಮೊಲಾಲಿಟಿ ಏಕೆ ಬದಲಾಗುವುದಿಲ್ಲ ಎಂಬ ಪ್ರಶ್ನೆಗೂ ಈ ಛೇದವೇ ಉತ್ತರ: ತೂಕ ಹಿಗ್ಗುವುದಿಲ್ಲ, ಗಾತ್ರ ಹಿಗ್ಗುತ್ತದೆ.